ತಲೆ ಕತ್ತರಿಸಿ, ಬಾಲ ಮುಟ್ಟಬೇಡಿ

ಕಬಡ್ಡಿ ಪಂದ್ಯ ಮುಗಿದು ಎರಡು ನಿಮಿಷವೂ ಆಗಿಲ್ಲ. ಸೋತ ತಂಡದ ಕ್ಯಾಪ್ಟನ್ ಮುಂದೆ ಮೊಬೈಲ್ ಹಿಡಿದು "ಏನಾಯ್ತು?" ಅಂತ ಕೇಳಿದರೆ ರೆಕಾರ್ಡ್ ಆಗುವುದು ಹೆಚ್ಚುಕಮ್ಮಿ ಹೀಗಿರುತ್ತದೆ. ಇದು ಯಾವ ಆಟಗಾರನ ಮಾತೂ ಅಲ್ಲ, ಉದಾಹರಣೆಗೆಂದು ನಾನೇ ಕಟ್ಟಿದ್ದು. ಇಂಥ ಮಾತನ್ನು ಅಚ್ಚಿಗೆ ಕೊಡುವಾಗ ಎಷ್ಟು ತಿದ್ದಬಹುದು ಅನ್ನುವುದೇ ಇಲ್ಲಿನ ಪ್ರಶ್ನೆ. ಇದರಲ್ಲಿ ಬರುವ ಡು ಆರ್ ಡೈ ಅಂದರೆ ಪಾಯಿಂಟ್ ತರದಿದ್ದರೆ ರೈಡರೇ ಔಟಾಗುವ ರೈಡ್.

"ಅದು... ಆ್ಯಕ್ಚುಲಿ ಏನಂದ್ರೆ, ಫಸ್ಟ್ ಹಾಫಲ್ಲಿ ನಾವೇ ಲೀಡಲ್ಲಿದ್ವಿ. ಆಮೇಲೆ ಅವ್ನು ಹೋದ, ಡು ಆರ್ ಡೈ ಅದು. ಬೋನಸ್... ಅಲ್ಲಲ್ಲ, ಟಚ್ ಪಾಯಿಂಟೇ ಬೇಕಿತ್ತು, ಮೂರೇ ಜನ ಇದ್ರಲ್ಲ. ಸೂಪರ್ ಟ್ಯಾಕಲ್ ಆಗೋಯ್ತು. ಅವ್ನು ಹೋಗ್ಬಾರ್ದಿತ್ತು... ಅಂತ ನಾನು ಹೇಳಲ್ಲ. ನಾನೇ ಹೋಗ್ಬೇಕಿತ್ತೇನೋ ಅನ್ಸುತ್ತೆ. ಕೋಚ್ ಟೈಮ್‌ಔಟ್ ತಗೋ ಅಂದ್ರಂತೆ, ಆ ಗಲಾಟೇಲಿ ನಂಗೆ ಕೇಳಿಸ್ಲಿಲ್ಲ. ಅಲ್ಲಿಗೆ ಮ್ಯಾಚ್ ಹೋಯ್ತು... ಹೋಯ್ತು ಅಂತಲ್ಲ, ಟೈಟಾಯ್ತು."

ಹೀಗೇ ಅಚ್ಚು ಹಾಕಿದರೆ ಓದುವವರಿಗೆ ಕಷ್ಟ, ಆಟಗಾರನಿಗೂ ಅವಮಾನ. ಹಾಗಂತ ಅವನು ಪೆದ್ದನೇನಲ್ಲ. ನಾವೆಲ್ಲ ಮಾತಾಡುವುದೇ ಹೀಗೆ. ಅಮೆರಿಕದ ಸಂಶೋಧಕರು ಇಂಗ್ಲಿಷ್ ಸಂಭಾಷಣೆಗಳನ್ನು ಎಣಿಸಿ ನೋಡಿದಾಗ ನೂರು ಪದಕ್ಕೆ ಸುಮಾರು ಆರು ಕಡೆ ತಡವರಿಕೆ ಸಿಕ್ಕಿತು. ಸುಮ್ಮನೆ ನಿಲ್ಲಿಸಿದ್ದನ್ನು ಆ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಮುಂದಿನ ವಾಕ್ಯ ತಲೆಯಲ್ಲಿ ಇನ್ನೂ ತಯಾರಾಗುತ್ತಿರುವಾಗ ಬಾಯಿ "ಅದು", "ಏನಂದ್ರೆ" ಅಂತ ಜಾಗ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ.

ಈ ಜಾಗ ಹಿಡಿಯುವ ಪದಗಳು ಜಾಸ್ತಿ ಬರುವುದು ಮಾತಿನ ಶುರುವಿನಲ್ಲಿ, ಯೋಜನೆಯ ಹೊರೆ ಅಲ್ಲೇ ಹೆಚ್ಚು ಅಲ್ವಾ. ಕನ್ನಡದ ಮಟ್ಟಿಗೆ ಇದು ಅನುಕೂಲವೇ. ಶುರುವಿನ "ಅದು... ಆ್ಯಕ್ಚುಲಿ ಏನಂದ್ರೆ" ಪೂರ್ತಿ ಕಿತ್ತು ಹಾಕಿ. "ಫಸ್ಟ್ ಹಾಫಲ್ಲಿ ನಾವೇ ಲೀಡಲ್ಲಿದ್ವಿ" ಉಳಿಯಿತು. ಅರ್ಥಕ್ಕೆ ಒಂದು ಗೀರೂ ಬೀಳಲಿಲ್ಲ.

ಕಷ್ಟ ಇರುವುದು ವಾಕ್ಯದ ಇನ್ನೊಂದು ತುದಿಯಲ್ಲಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಬೆನ್ನಿಗೇ ಇಲ್ಲ ಅನ್ನುವುದು, ಅನುಮಾನ, ಯಾರೋ ಹೇಳಿದ್ದು ಅನ್ನುವ ಸುಳಿವು, ಎಲ್ಲ ಅಂಟಿಕೊಂಡಿರುತ್ತವೆ. ಕೇಳುವಾಗ ಇವೂ ಬರೀ ಗೊಣಗಾಟದ ಹಾಗೇ ಕೇಳಿಸುತ್ತವೆ. ವಾಕ್ಯ ಬಿಗಿ ಮಾಡಬೇಕು ಅಂತ ಕೈ ಹಾಕಿದವರು ಮೊದಲು ಕತ್ತರಿಸುವುದೂ ಇವನ್ನೇ.

"ಅಂದ್ರಂತೆ" ನೋಡಿ. ಅದನ್ನು "ಅಂದರು" ಅಂತ ಮಾಡಿದರೆ ಏನಾಗುತ್ತದೆ? ಕೋಚ್ ಟೈಮ್‌ಔಟ್ ತಗೋ ಅಂದಿದ್ದಕ್ಕೆ ಕ್ಯಾಪ್ಟನ್ನೇ ಸಾಕ್ಷಿ ಹೇಳಿದಂತಾಗುತ್ತದೆ. ಅವನು ಹೇಳಿದ್ದು ಬೇರೆ. ತನಗೆ ಕೇಳಿಸಲಿಲ್ಲ, ಹಾಗಂದರು ಅಂತ ಆಮೇಲೆ ಬೇರೆಯವರಿಂದ ಗೊತ್ತಾಯಿತು. ಮುಂದಿನ "ಕೇಳಿಸ್ಲಿಲ್ಲ" ಕೂಡ ಜಾಗ ಉಳಿಸಲು ಹೋಯಿತೋ, ಕೋಚ್ ಮಾತು ಮೀರಿದ ಕ್ಯಾಪ್ಟನ್ ಅನ್ನುವ ಸುದ್ದಿ ರೆಡಿ. "ಹೋಗ್ಬೇಕಿತ್ತೇನೋ ಅನ್ಸುತ್ತೆ" ಕೂಡ ಹಾಗೇ. "ಏನೋ", "ಅನ್ಸುತ್ತೆ" ಎರಡನ್ನೂ ತೆಗೆದು "ನಾನೇ ಹೋಗಬೇಕಿತ್ತು" ಅಂತ ತಲೆಬರಹ ಕೊಟ್ಟರೆ, ತನ್ನ ಮೇಲೆ ಅನುಮಾನ ಪಟ್ಟವನು ಜೊತೆಗಾರನ ಮೇಲೆ ತಪ್ಪು ಹೊರಿಸಿದಂತೆ ಕಾಣುತ್ತದೆ.

ಎಲ್ಲಕ್ಕಿಂತ ಅಪಾಯದ್ದು "ಅವ್ನು ಹೋಗ್ಬಾರ್ದಿತ್ತು... ಅಂತ ನಾನು ಹೇಳಲ್ಲ". ಇಲ್ಲಿ ಉಸಿರಿನ ಸಂಗತಿಯೂ ಸೇರಿಕೊಳ್ಳುತ್ತದೆ. ಆರಾಮಾಗಿ ಕೂತು ಮಾತಾಡುವಾಗ ನಾವು ಉಸಿರು ಎಳೆಯುವುದು ಹೆಚ್ಚಾಗಿ ವಾಕ್ಯ ಮುಗಿದ ಕಡೆ. ಮೈ ದಣಿದಾಗ ಶ್ವಾಸಕೋಶ ಅಷ್ಟು ಹೊತ್ತು ಕಾಯುವುದಿಲ್ಲ, ನಡು ವಾಕ್ಯದಲ್ಲೇ ಉಸಿರು ಬೇಕು. ತಲಾ 20 ನಿಮಿಷದ ಎರಡು ಅವಧಿ ಆಡಿ ಬಂದವನ ಮಾತಿನಲ್ಲಿ ಬಿಡುವು ಎಲ್ಲೆಲ್ಲೋ ಬೀಳುತ್ತದೆ. ರೆಕಾರ್ಡಿಂಗ್ ಕೇಳಿ ಬರೆದುಕೊಳ್ಳುವವರು ಬಿಡುವು ಬಂದಲ್ಲೆಲ್ಲ ಪೂರ್ಣವಿರಾಮ ಇಟ್ಟರೆ "ಅವನು ಹೋಗಬಾರದಿತ್ತು." ಅನ್ನುವ ಒಂದು ಇಡೀ ವಾಕ್ಯ ಹುಟ್ಟಿಬಿಡುತ್ತದೆ. ಕ್ಯಾಪ್ಟನ್ ಹೇಳಿದ್ದರ ನೇರ ವಿರುದ್ಧ! ಹಾಗಾಗಿ ವಿರಾಮ ಚಿಹ್ನೆ ಇಡಬೇಕಾದ್ದು ಉಸಿರು ನೋಡಿ ಅಲ್ಲ, ಕ್ರಿಯಾಪದ ಮುಗಿಯಿತಾ ಅಂತ ನೋಡಿ, ದನಿ ಇಳಿಯಿತಾ ಅಂತ ಕೇಳಿ. ಒಂದು ಮಾತು ಒಪ್ಪಬೇಕು: ಅಲ್ಲಿ ಅವನು ಉಸಿರಿಗೇ ನಿಂತನೋ, ಬೈಯಲು ಹೊರಟವನು ಮನಸ್ಸು ಬದಲಿಸಿದನೋ ಅಂತ ಆಡಿಯೋ ಹೇಳುವುದಿಲ್ಲ. ಹೇಗಿದ್ದರೂ ಅವನು ಮುಗಿಸಿದ ರೂಪವೇ ಅವನ ಮಾತು.

ಇನ್ನು ತಿದ್ದಿಕೊಂಡ ಮಾತುಗಳು. ಡಚ್ ಮನೋಭಾಷಾ ವಿಜ್ಞಾನಿ ವಿಲೆಮ್ ಲೆವೆಲ್ಟ್ 1983ರಲ್ಲಿ ಜನ ಮಾತಾಡುತ್ತಾ ತಮ್ಮನ್ನು ತಾವೇ ತಿದ್ದಿಕೊಂಡ 959 ಸಂದರ್ಭಗಳನ್ನು ಜೋಡಿಸಿ ನೋಡಿದರು. ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ ಎದ್ದು ಕಂಡವು. ಒಂದು, ತಪ್ಪು ಪದ ಬಾಯಿಗೆ ಬಂದು ತಿದ್ದಿದ್ದು. ಇನ್ನೊಂದು, ಹೇಳಿದ್ದು ತಪ್ಪಲ್ಲ, ಆದರೆ ಸರಿಹೋಗಲಿಲ್ಲ ಅಂತ ಬದಲಿಸಿದ್ದು. ನಮ್ಮ ಕ್ಯಾಪ್ಟನ್ ಎರಡನ್ನೂ ಮಾಡಿದ್ದಾನೆ.

"ಬೋನಸ್... ಅಲ್ಲಲ್ಲ" ಮೊದಲ ಬಗೆಯದ್ದು. ಆಟದ ನಿಯಮದಿಂದಲೇ ಇದನ್ನು ಪರೀಕ್ಷಿಸಬಹುದು. ಎದುರಿಗೆ ಕನಿಷ್ಠ ಆರು ಡಿಫೆಂಡರ್ ಇದ್ದರೆ ಮಾತ್ರ ಬೋನಸ್ ಸಿಗುತ್ತದೆ. ಮೂರೇ ಜನ ಇದ್ದಾಗ ಆ ದಾರಿ ಮುಚ್ಚಿದಂತೆ. ಅಂಗಳದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಡಿಫೆಂಡರ್ ಉಳಿದಿರುವಾಗ ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಅವನ ಲೆಕ್ಕ ತಾಳೆಯಾಯಿತು. "ಬೋನಸ್" ಬರೀ ಬಾಯಿತಪ್ಪು, ತೆಗೆಯಬಹುದು. "ಹೋಯ್ತು ಅಂತಲ್ಲ, ಟೈಟಾಯ್ತು" ಹಾಗಲ್ಲ. ಅಲ್ಲಿ ಅವನು ತೂಗಿ ನೋಡಿ ಮಾತು ಮೆದು ಮಾಡಿದ್ದಾನೆ. "ಹೋಯ್ತು" ಒಂದನ್ನೇ ಉಳಿಸಿದರೆ ಮೋಸ. "ಟೈಟಾಯ್ತು" ಒಂದನ್ನೇ ಉಳಿಸಿದರೆ ಮೋಸವಲ್ಲ, ಆದರೆ ಸಪ್ಪೆ. ಎರಡನ್ನೂ ಉಳಿಸುವುದು ನನ್ನ ಆಯ್ಕೆ.

"ಅವ್ನು" ಯಾರು ಅಂತ ಓದುಗನಿಗೆ ಗೊತ್ತಾಗುವುದಿಲ್ಲ. ಸ್ಕೋರ್‌ಶೀಟ್ ನೋಡಿ, ಚೌಕ ಕಂಸದಲ್ಲಿ ಸೇರಿಸಬೇಕು. ಅದು ಬರೆದವರ ಮಾತು ಅಂತ ಆ ಕಂಸವೇ ಹೇಳುತ್ತದೆ. ಹೀಗೆ ಉಳಿಯುವುದು ಇಷ್ಟು:

"ಫಸ್ಟ್ ಹಾಫ್‌ನಲ್ಲಿ ನಾವೇ ಲೀಡ್‌ನಲ್ಲಿದ್ವಿ. ಆಮೇಲೆ [ಎರಡನೇ ರೈಡರ್] ಹೋದ, ಡು ಆರ್ ಡೈ ಅದು. ಟಚ್ ಪಾಯಿಂಟೇ ಬೇಕಿತ್ತು, ಮೂರೇ ಜನ ಇದ್ರಲ್ಲ. ಸೂಪರ್ ಟ್ಯಾಕಲ್ ಆಗಿಹೋಯ್ತು. ಅವನು ಹೋಗಬಾರದಿತ್ತು ಅಂತ ನಾನು ಹೇಳಲ್ಲ. ನಾನೇ ಹೋಗಬೇಕಿತ್ತೇನೋ ಅನ್ಸುತ್ತೆ. ಕೋಚ್ ಟೈಮ್‌ಔಟ್ ತಗೋ ಅಂದರಂತೆ, ಆ ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ. ಅಲ್ಲಿಗೆ ಮ್ಯಾಚ್ ಹೋಯ್ತು... ಹೋಯ್ತು ಅಂತಲ್ಲ, ಟೈಟಾಯ್ತು."

ಗಮನಿಸಿ, ಮೂಲದಿಂದ ಹೋಗಿದ್ದು ಬೆರಳೆಣಿಕೆಯ ಪದ ಮಾತ್ರ. ಉಳಿದಿದ್ದು ಬರೀ ಕಾಗುಣಿತದ ಕೆಲಸ.

ಇದನ್ನು ನೆನಪಿನಿಂದ ಮಾಡುತ್ತೇನೆ ಅಂದರೆ ಆಗದು. 1967ರಲ್ಲಿ ಸಂಶೋಧಕಿ ಜಾಕ್ವೆಲಿನ್ ಸ್ಯಾಕ್ಸ್ ಜನರಿಗೆ ಒಂದು ಪ್ರಸಂಗ ಕೇಳಿಸಿ, ಅದರ ಒಂದು ವಾಕ್ಯವನ್ನು ಸ್ವಲ್ಪ ಬದಲಿಸಿ ಮತ್ತೆ ಕೇಳಿಸಿದರು. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಪದಜೋಡಣೆ ಬದಲಾದದ್ದು ಗೊತ್ತಾಗುತ್ತಿರಲಿಲ್ಲ, ಅರ್ಥ ಬದಲಾದರೆ ಮಾತ್ರ ಗೊತ್ತಾಗುತ್ತಿತ್ತು. "ಅಂದರು", "ಅಂದರಂತೆ" ನಡುವಿನಷ್ಟು ಚಿಕ್ಕ ವ್ಯತ್ಯಾಸವನ್ನು ನೆನಪಿನ ಕೈಗೆ ಕೊಡಲು ನನಗೆ ಧೈರ್ಯ ಸಾಲದು. ಮುಗಿದ ಲೇಖನ ಕೈಲಿ ಹಿಡಿದು ಆಡಿಯೋ ಇನ್ನೊಮ್ಮೆ ಮೊದಲಿಂದ ಕೇಳಬೇಕು, ಪ್ರತಿ ವಾಕ್ಯದ ಕೊನೆಯಲ್ಲಿ ನಿಲ್ಲಿಸಿ.

ಆಗ ಕಿವಿಗೆ ಬೀಳುವ ಇನ್ನೊಂದು ಸದ್ದು "ಹೂಂ". ವರದಿಗಾರ "ಆ ರೈಡಿಂದಲೇ ಸೋತ್ರಿ ಅನ್ನಬಹುದಾ..." ಅಂತ ಕೇಳುತ್ತಿರುವಾಗಲೇ ಕ್ಯಾಪ್ಟನ್ ನಡುವೆ ಹೂಂಗುಟ್ಟಿರುತ್ತಾನೆ. ಪ್ರಶ್ನೆ ಮುಗಿಯುವ ಮುಂಚೆ ಬಂದ ಹೂಂ ಒಪ್ಪಿಗೆಯಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವುದಷ್ಟೇ. ಅದನ್ನು "ಹೌದು" ಅಂತ ಬರೆಯುವಂತಿಲ್ಲ. ಪ್ರಶ್ನೆ ಮುಗಿದ ಮೇಲೆ ಅವನು ಬೇರೇನೂ ಹೇಳದೆ ಬಸ್ ಹತ್ತಿದ್ದರೆ, ಆ ಪ್ರಶ್ನೆಗೆ ಉತ್ತರ ಇಲ್ಲ. ಪ್ರಶ್ನೆಯನ್ನೇ ಬಿಡಬೇಕು.