ಎಂಟು ಲಕ್ಷ ಲಾಭ, ಆದರೆ ಎಷ್ಟು ವರ್ಷಕ್ಕೆ?

ನಿವೃತ್ತ ಗಣಿತ ಮೇಷ್ಟ್ರೊಬ್ಬರು ಈಚೆಗೆ ನನ್ನ ಕಚೇರಿಗೆ ಬಂದರು. ಹತ್ತು ವರ್ಷಗಳಿಂದ ತಿಂಗಳಿಗೆ 10,000 ರೂಪಾಯಿಯಂತೆ ಒಂದೇ ಮ್ಯೂಚುವಲ್ ಫಂಡ್‌ನಲ್ಲಿ ಎಸ್‌ಐಪಿ ಕಟ್ಟಿದ್ದರು. ದೊಡ್ಡ ಕಂಪನಿಗಳ ಷೇರುಗಳಲ್ಲಿ ಹೂಡುವ ಲಾರ್ಜ್‌ಕ್ಯಾಪ್ ಫಂಡ್ ಅದು. ಅವರು ಮೇಜಿನ ಮೇಲಿಟ್ಟ ಲೆಕ್ಕಪತ್ರದ ಮೊದಲ ಪುಟದಲ್ಲಿ ಹಸಿರು ಅಕ್ಷರದಲ್ಲಿ ಹೀಗಿತ್ತು: ಹೂಡಿಕೆ 12 ಲಕ್ಷ, ಇಂದಿನ ಮೌಲ್ಯ 20 ಲಕ್ಷ, ಲಾಭ ಶೇ 66.7. ಓದುಗರಿಗೆ ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನು ದುಂಡಗೆ ಮಾಡಿದ್ದೇನೆ.

"ಎಂಟು ಲಕ್ಷ ಬಂದಿದೆ. ಒಳ್ಳೆಯ ಫಂಡ್ ತಾನೇ? ನಿವೃತ್ತಿಯ ಹಣದಲ್ಲಿ ಇನ್ನೊಂದಿಷ್ಟನ್ನು ಇದಕ್ಕೇ ಹಾಕೋಣವೆಂದಿದ್ದೇನೆ" ಎಂದರು.

"ಮೇಷ್ಟ್ರೇ, ಈ ಹಾಳೆ ನೋಡಿದರೆ ಒಳ್ಳೆಯದೋ ಕೆಟ್ಟದ್ದೋ ಹೇಳಲಾಗದು. ಎರಡು ಸಂಖ್ಯೆ ಇದರಲ್ಲಿ ಇಲ್ಲವೇ ಇಲ್ಲ" ಎಂದೆ.

ಒಟ್ಟು ಲಾಭದ ಶೇಕಡಾವಾರು ಲೆಕ್ಕದಲ್ಲಿ ಕಾಲಕ್ಕೆ ಜಾಗವಿಲ್ಲ. ಒಟ್ಟಿಗೆ ಹಾಕಿದ ಎರಡು ಲಕ್ಷ ನಾಲ್ಕು ಲಕ್ಷವಾದರೆ ಯಾರು ಬೇಕಾದರೂ "ಶೇ 100 ಲಾಭ" ಎನ್ನಬಹುದು. ಅದು ಆರು ವರ್ಷದಲ್ಲಿ ಆಗಿದ್ದರೆ ವರ್ಷಕ್ಕೆ ಶೇ 12.2ರ ಚಕ್ರಬಡ್ಡಿ ಸಿಕ್ಕಂತೆ. ಒಂಬತ್ತು ವರ್ಷ ಹಿಡಿದಿದ್ದರೆ ಶೇ 8 ಮಾತ್ರ. ಶೇ 100 ಎಂಬ ಅಂಕಿ ಎರಡೂ ಕಡೆ ಒಂದೇ. ಹಾಗಾಗಿ ಅವಧಿ ಹೇಳದ ಲಾಭದ ಅಂಕಿಯನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಟ್ಟಿಗೆ ಹಾಕಿದ ಹಣಕ್ಕೆ ಈ ವಾರ್ಷಿಕ ದರವನ್ನು ಕ್ಯಾಲ್ಕುಲೇಟರ್‌ನಲ್ಲೇ ತೆಗೆಯಬಹುದು. ಕೊನೆಯ ಮೌಲ್ಯವನ್ನು ಮೊದಲ ಮೌಲ್ಯದಿಂದ ಭಾಗಿಸಿ, ಬಂದದ್ದಕ್ಕೆ ವರ್ಷಗಳ ಸಂಖ್ಯೆಯಷ್ಟರ ಮೂಲವನ್ನು ತೆಗೆದು, ಅದರಿಂದ ಒಂದನ್ನು ಕಳೆದರೆ ಆಯಿತು. ಮೇಷ್ಟ್ರು ಗಣಿತದವರು, ನಾನು ಹೇಳಿ ಮುಗಿಸುವುದರೊಳಗೆ ಚೀಟಿಯಲ್ಲಿ ಲೆಕ್ಕ ಹಾಕಿದ್ದರು. 20ನ್ನು 12ರಿಂದ ಭಾಗಿಸಿ, ಹತ್ತನೆಯ ಮೂಲ ತೆಗೆದು, "ಬರೀ ಶೇ 5.2!" ಎಂದರು. ಮುಖ ಬಾಡಿತು. ಬ್ಯಾಂಕಿನ ಠೇವಣಿಯೇ ವಾಸಿಯಿತ್ತಲ್ಲ ಎಂದು ಗೊಣಗಿದರು.

ಅದೂ ತಪ್ಪು. ಒಟ್ಟು ಲಾಭದ ಅಂಕಿ ಹೂಡಿಕೆಯನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸಿದರೆ, ಎಸ್‌ಐಪಿಗೆ ಈ ಸೂತ್ರ ಹಚ್ಚಿದಾಗ ಅದು ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಏಕೆಂದರೆ 12 ಲಕ್ಷವೂ ಹತ್ತು ವರ್ಷ ದುಡಿದಿಲ್ಲ. ಮೊದಲ ಕಂತು ಪೂರ್ತಿ ಹತ್ತು ವರ್ಷ ಇತ್ತು, ಕೊನೆಯ ಕಂತು ಇದ್ದದ್ದು ಒಂದೇ ತಿಂಗಳು. ಸರಾಸರಿ ಹಿಡಿದರೆ ಪ್ರತಿ ರೂಪಾಯಿ ಸುಮಾರು ಐದು ವರ್ಷ ಮಾತ್ರ ಫಂಡ್‌ನಲ್ಲಿತ್ತು. ಅಂಚೆ ಕಚೇರಿಯಲ್ಲಿ ಆರ್‌ಡಿ ಕಟ್ಟಿದವರಿಗೆ ಇದು ಹೊಸದಲ್ಲ. ಅಲ್ಲಿ ಐದು ವರ್ಷ ಕಂತು ಕಟ್ಟಿದ ಮೇಲೆ ಕೈಗೆ ಬರುವ ಬಡ್ಡಿ, ಅಷ್ಟೂ ಹಣವನ್ನು ಮೊದಲ ದಿನವೇ ಇಟ್ಟಿದ್ದರೆ ಬರುತ್ತಿದ್ದುದರ ಅರ್ಧದ ಆಸುಪಾಸಿನಲ್ಲಿರುತ್ತದೆ.

ಪ್ರತಿ ಕಂತಿಗೂ ಅದರದ್ದೇ ದಿನಾಂಕ ಕೊಟ್ಟು ಲೆಕ್ಕ ಹಾಕುವ ಸೂತ್ರಕ್ಕೆ XIRR ಎನ್ನುತ್ತಾರೆ. ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಅದು ಸಿದ್ಧವಾಗಿದೆ. A ಕಾಲಂನಲ್ಲಿ ದಿನಾಂಕ, B ಕಾಲಂನಲ್ಲಿ ಮೊತ್ತ ತುಂಬಬೇಕು. ಕೈಯಿಂದ ಹೋದ ಪ್ರತಿ ಕಂತಿಗೆ ಮುಂದೆ ಮೈನಸ್ ಚಿಹ್ನೆ ಹಾಕಿ -10000 ಎಂದು ಬರೆಯಬೇಕು. ಕೊನೆಯ ಸಾಲಿನಲ್ಲಿ ಇಂದಿನ ದಿನಾಂಕ ಮತ್ತು ಇಂದಿನ ಮೌಲ್ಯ, ಮೈನಸ್ ಇಲ್ಲದೆ. 120 ಕಂತು, ಒಂದು ಕೊನೆಯ ಸಾಲು:

```
=XIRR(B2:B122, A2:A122)
```

ಮೈನಸ್ ಹಾಕಲು ಮರೆತರೆ #NUM! ಎಂಬ ದೋಷ ಬರುತ್ತದೆ. ಇನ್ನೊಂದು ತಪ್ಪು ಹೀಗೆ ದೋಷ ತೋರಿಸದೆ ಸುಮ್ಮನೆ ನುಸುಳುತ್ತದೆ. ಈಗ ಐಡಿಸಿಡಬ್ಲ್ಯೂ ಎಂದು ಕರೆಯುವ, ಹಿಂದೆ ಡಿವಿಡೆಂಡ್ ಎನ್ನುತ್ತಿದ್ದ ಪ್ಲಾನ್‌ನಲ್ಲಿ ಇರುವವರು ನಡುವೆ ಬ್ಯಾಂಕ್ ಖಾತೆಗೆ ಬಂದ ಮೊತ್ತಗಳನ್ನೂ ಆಯಾ ದಿನಾಂಕದೊಂದಿಗೆ ಬರೆಯಬೇಕು. ಬಿಟ್ಟರೆ ಫಂಡ್‌ಗೆ ಅನ್ಯಾಯ ಮಾಡಿದಂತಾಗುತ್ತದೆ. ಮೇಷ್ಟ್ರದು ಗ್ರೋತ್ ಪ್ಲಾನ್, ಆ ಗೋಜು ಇರಲಿಲ್ಲ. ಉತ್ತರ ಬಂತು: ವರ್ಷಕ್ಕೆ ಶೇ 9.9.

"ಹಾಗಾದರೆ ಪರವಾಗಿಲ್ಲ" ಎಂದು ಅವರು ಹಗುರಾದರು. ಅಲ್ಲಿಗೆ ಒಂದು ಸಂಖ್ಯೆ ಸಿಕ್ಕಿತ್ತು. ಎರಡನೆಯದು ಇನ್ನೂ ಬಾಕಿಯಿತ್ತು.

ಶೇ 9.9ರಲ್ಲಿ ಫಂಡ್ ವ್ಯವಸ್ಥಾಪಕರ ದುಡಿಮೆ ಎಷ್ಟು, ಇಡೀ ಮಾರುಕಟ್ಟೆಯೇ ಏರಿದ್ದರಿಂದ ಬಂದದ್ದೆಷ್ಟು? ಇದನ್ನು ತಿಳಿಯಲು ಅದೇ ಬಗೆಯ ಷೇರುಗಳ ಸೂಚ್ಯಂಕ ಅದೇ ದಿನಾಂಕಗಳಲ್ಲಿ ಏನು ಕೊಟ್ಟಿತು ಎಂದು ನೋಡಬೇಕು. ಪ್ರತಿ ಫಂಡ್‌ಗೂ ಹೀಗೆ ಹೋಲಿಸಲು ಒಂದು ಮಾನದಂಡ ಸೂಚ್ಯಂಕ ಇರುತ್ತದೆ, ಫಂಡ್ ಸಂಸ್ಥೆ ಹೊರಡಿಸುವ ಮಾಹಿತಿ ಪತ್ರದಲ್ಲಿ ಅದರ ಹೆಸರು ಇರುತ್ತದೆ. ಲಾರ್ಜ್‌ಕ್ಯಾಪ್ ಫಂಡ್ ಕನಿಷ್ಠ ಶೇ 80ರಷ್ಟು ಹಣವನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ನೂರು ಕಂಪನಿಗಳಲ್ಲಿ ಹೂಡಬೇಕೆಂಬುದು ಸೆಬಿಯ ನಿಯಮ. ಅದನ್ನು ನಿಫ್ಟಿ 100 ಅಥವಾ ನಿಫ್ಟಿ 50ರ ಎದುರು ನಿಲ್ಲಿಸುವುದು ನ್ಯಾಯ. ಮಿಡ್‌ಕ್ಯಾಪ್ ಫಂಡ್ ಮಾರುವವರು ಅದನ್ನು ನಿಫ್ಟಿ 50ರ ಜತೆ ಹೋಲಿಸಿ ಬೀಗಿದರೆ ಒಪ್ಪಬೇಡಿ. ಅದರ ಜೋಡಿ ನಿಫ್ಟಿ ಮಿಡ್‌ಕ್ಯಾಪ್ 150.

ಸೂಚ್ಯಂಕದ ಹೆಸರು ಸರಿಯಿದ್ದರೂ ಸಾಲದು, ಬಾಲದಲ್ಲಿ TRI ಎಂಬ ಮೂರು ಅಕ್ಷರ ಇದೆಯೇ ನೋಡಬೇಕು. ಟಿವಿಯಲ್ಲಿ ದಿನವೂ ಓಡುವ ನಿಫ್ಟಿ ಕೇವಲ ಷೇರುಗಳ ಬೆಲೆಯ ಸೂಚ್ಯಂಕ. ಕಂಪನಿಗಳು ಕೊಟ್ಟ ಲಾಭಾಂಶ ಅದರೊಳಗಿಲ್ಲ. ಫಂಡ್‌ಗಾದರೋ ಆ ಲಾಭಾಂಶ ಬಂದು ಸೇರುತ್ತದೆ, ಅದರ ಒಂದು ಯೂನಿಟ್‌ನ ಬೆಲೆಯಾದ ಎನ್‌ಎವಿಯಲ್ಲಿ ಉಳಿಯುತ್ತದೆ. ಹೀಗಾಗಿ ಬರೀ ಬೆಲೆಯ ಸೂಚ್ಯಂಕದೊಂದಿಗೆ ಹೋಲಿಸಿದರೆ ಫಂಡ್‌ಗೆ ವರ್ಷಕ್ಕೆ ಶೇಕಡಾ ಒಂದಕ್ಕಿಂತ ತುಸು ಹೆಚ್ಚಿನ ಮುನ್ನಡೆ ಪುಕ್ಕಟೆ ಸಿಗುತ್ತದೆ. ಇದು ಸಣ್ಣದಲ್ಲ. ಒಂದು ಲಕ್ಷ ಹತ್ತು ವರ್ಷದಲ್ಲಿ ಶೇ 11.2ರಂತೆ 2.89 ಲಕ್ಷವಾದರೆ, ಶೇ 12.5ರಂತೆ 3.25 ಲಕ್ಷವಾಗುತ್ತದೆ. ಲಾಭಾಂಶವನ್ನೂ ಸೇರಿಸಿದ TRI ಸೂಚ್ಯಂಕದೊಂದಿಗೇ ಹೋಲಿಸಬೇಕೆಂದು ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ "ಸೂಚ್ಯಂಕವನ್ನು ಮೀರಿಸಿದ್ದೇವೆ" ಎಂದು ಅಚ್ಚಾದ ಹಳೆಯ ಕರಪತ್ರಗಳನ್ನು ಈ ಕಣ್ಣಿನಿಂದ ಮತ್ತೆ ಓದಬೇಕು.

ಮೇಷ್ಟ್ರ ಲೆಕ್ಕಕ್ಕೆ ನಾನು ಇನ್ನೂ ಸರಳ ದಾರಿ ಹಿಡಿದೆ. TRI ಸೂಚ್ಯಂಕವನ್ನು ಯಾರೂ ಕೊಳ್ಳಲಾಗದು, ಅದಕ್ಕೆ ಖರ್ಚೂ ಇಲ್ಲ. ಆದರೆ ನಿಫ್ಟಿ 50ನ್ನು ಹಾಗೆಯೇ ಅನುಸರಿಸುವ ಇಂಡೆಕ್ಸ್ ಫಂಡ್ ಅನ್ನು ಅವರು ಅಂದೇ ಕೊಳ್ಳಬಹುದಿತ್ತು. ಅಂಥ ಒಂದು ಫಂಡ್‌ನ ಹಳೆಯ ಎನ್‌ಎವಿಗಳನ್ನು ಆಂಫಿ ಜಾಲತಾಣದಿಂದ ಇಳಿಸಿಕೊಂಡು, ಅವರ ಕಂತಿನ 120 ದಿನಾಂಕಗಳ ಎದುರು ಬರೆದೆ. ಪ್ರತಿ ದಿನಾಂಕಕ್ಕೂ 10,000ವನ್ನು ಆ ದಿನದ ಎನ್‌ಎವಿಯಿಂದ ಭಾಗಿಸಿದರೆ ಅಂದು ಸಿಗುತ್ತಿದ್ದ ಯೂನಿಟ್‌ಗಳು ಬರುತ್ತವೆ. ಎಲ್ಲ ಯೂನಿಟ್ ಕೂಡಿಸಿ ಇಂದಿನ ಎನ್‌ಎವಿಯಿಂದ ಗುಣಿಸಿದೆವು. 23 ಲಕ್ಷ. XIRR ಶೇ 12.5.

ಮೇಷ್ಟ್ರು ಬಹಳ ಹೊತ್ತು ಪರದೆಯನ್ನೇ ನೋಡಿದರು. "ಅಂದರೆ ನಾನು ಎಂಟು ಲಕ್ಷ ಗಳಿಸಿಯೂ ಮೂರು ಲಕ್ಷ ಕಳೆದುಕೊಂಡಿದ್ದೇನೆ" ಎಂದರು. ಕಳೆದುಕೊಂಡದ್ದು ಎನ್ನುವುದು ಕಠಿಣ ಮಾತು, ಸಿಗಬಹುದಾಗಿದ್ದು ಸಿಗಲಿಲ್ಲ. ಆದರೆ ಆ ಮೂರು ಲಕ್ಷ ಎಲ್ಲಿ ಸೋರಿತು ಎಂದು ಹುಡುಕುವುದು ನನ್ನ ಕೆಲಸ. ಅವರದ್ದು ಏಜೆಂಟರ ಮೂಲಕ ಕೊಂಡ ರೆಗ್ಯುಲರ್ ಪ್ಲಾನ್. ಅದೇ ಫಂಡ್‌ನ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಲಭ್ಯವಿದೆ, ಅದರಲ್ಲಿ ಏಜೆಂಟರ ಕಮಿಷನ್ ಕಡಿತವಾಗುವುದಿಲ್ಲ. ಅದರ ಎನ್‌ಎವಿಗಳಿಂದಲೂ ಲೆಕ್ಕ ತೆಗೆದಾಗ 21 ಲಕ್ಷ, ಶೇ 10.8 ಬಂತು. ಮೂರು ಲಕ್ಷದಲ್ಲಿ ಒಂದು ಲಕ್ಷ ಮಧ್ಯವರ್ತಿಯ ಖರ್ಚು. ಉಳಿದ ಎರಡು ಲಕ್ಷ ಫಂಡ್ ವ್ಯವಸ್ಥಾಪಕರ ಆಯ್ಕೆ ಮತ್ತು ಅವರ ಸಂಸ್ಥೆಯ ಖರ್ಚಿನಿಂದಾದದ್ದು. ಏಜೆಂಟರು ವರ್ಷಕ್ಕೊಮ್ಮೆ ಕೂತು ಸಲಹೆ ಕೊಟ್ಟಿದ್ದರೆ ಆ ಒಂದು ಲಕ್ಷವನ್ನು ಶುಲ್ಕ ಎನ್ನಬಹುದು. ಫಾರಂಗೆ ಸಹಿ ಹಾಕಿಸಿಕೊಂಡ ಮೇಲೆ ಅವರು ಬಂದೇ ಇಲ್ಲವೆಂದು ಮೇಷ್ಟ್ರು ಹೇಳಿದರು.

ಇಷ್ಟಾದರೂ ತೀರ್ಮಾನಕ್ಕೆ ನನಗೆ ಧೈರ್ಯ ಬರಲಿಲ್ಲ. ಲೆಕ್ಕದ ಕೊನೆಯ ದಿನ ಯಾವುದು ಎಂಬುದರ ಮೇಲೆ ಇಡೀ ಚಿತ್ರ ಬದಲಾಗಬಲ್ಲದು. ನಿಫ್ಟಿ 50 2019ರ ಮಾರ್ಚ್ 29ರಂದು 11,624ರಲ್ಲಿ ಮುಗಿದಿತ್ತು. ಕೋವಿಡ್ ಭಯದಲ್ಲಿ 2020ರ ಮಾರ್ಚ್ 31ಕ್ಕೆ 8,598ಕ್ಕೆ ಇಳಿಯಿತು. 2021ರ ಮಾರ್ಚ್ 31ಕ್ಕೆ 14,691. ಆ ದಿನ "ಒಂದು ವರ್ಷದ ಗಳಿಕೆ" ಶೇ 71 ಎಂದು ತೋರಿಸಬಹುದಿತ್ತು, ಸುಳ್ಳೂ ಅಲ್ಲ. ಆದರೆ ಆರಂಭವನ್ನು ಇನ್ನೊಂದು ವರ್ಷ ಹಿಂದಕ್ಕೆ ಒಯ್ದರೆ ಅದೇ ಸೂಚ್ಯಂಕದ ಗಳಿಕೆ ವರ್ಷಕ್ಕೆ ಶೇ 12.4. ಸೂಚ್ಯಂಕದ ಜತೆ ಹೋಲಿಸಿದಾಗ ಈ ಏರಿಳಿತ ಎರಡೂ ಕಡೆ ಇರುವುದರಿಂದ ಮೋಸ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಅದಕ್ಕೇ ಮೂರು ವರ್ಷದ ಕಿಟಕಿಯನ್ನು ಒಂದೊಂದೇ ತಿಂಗಳು ಸರಿಸುತ್ತಾ ನೋಡಿದೆವು. ಹತ್ತು ವರ್ಷದ ತಿಂಗಳ ಕೊನೆಯ ಎನ್‌ಎವಿಗಳಲ್ಲಿ ಇಂಥ 85 ಕಿಟಕಿಗಳು ಸಿಗುತ್ತವೆ. ಪ್ರತಿಯೊಂದರಲ್ಲೂ ಫಂಡ್‌ನ ವಾರ್ಷಿಕ ದರ ಒಂದು ಕಾಲಂ, ಇಂಡೆಕ್ಸ್ ಫಂಡ್‌ನದ್ದು ಇನ್ನೊಂದು. ಮೇಷ್ಟ್ರ ಫಂಡ್ ಮುಂದಿದ್ದದ್ದು 19ರಲ್ಲಿ. ಅದೂ ಹೆಚ್ಚಿನವು ಮೊದಲ ವರ್ಷಗಳಲ್ಲಿ ಆರಂಭವಾದವು. ಅರ್ಧದಷ್ಟರಲ್ಲಿ ಮುಂದಿದ್ದು ಕೊನೆಯಲ್ಲಷ್ಟೇ ಎಡವಿದ್ದರೆ ಇನ್ನೊಂದಿಷ್ಟು ಕಾಲ ಕಾಯಿರಿ ಎನ್ನುತ್ತಿದ್ದೆ.

ಒಂದು ವರ್ಷ ತುಂಬದ ಹೂಡಿಕೆಗೆ ಇದಾವುದನ್ನೂ ಹಚ್ಚಬಾರದು. ಮೂರು ತಿಂಗಳಲ್ಲಿ ಬಂದ ಶೇ 6ನ್ನು XIRR ವರ್ಷಕ್ಕೆ ಶೇ 26 ಎಂದು ಹಿಗ್ಗಿಸಿ ತೋರಿಸುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಅಂಥ ಅಂಕಿ ಕಂಡರೆ ನೋಡದೆ ಮುಂದೆ ಹೋಗಿ.

ಮೇಷ್ಟ್ರು ನಿವೃತ್ತಿಯ ಹಣವನ್ನು ಆ ಫಂಡ್‌ಗೆ ಹಾಕಲಿಲ್ಲ, ಹೊಸ ಕಂತುಗಳನ್ನೂ ನಿಲ್ಲಿಸಿದರು. ಹಳೆಯ 20 ಲಕ್ಷವನ್ನು ಒಮ್ಮೆಲೇ ತೆಗೆಯಬೇಡಿ ಎಂದೆ. ವರ್ಷಕ್ಕೆ 1.25 ಲಕ್ಷ ಮೀರಿದ ದೀರ್ಘಾವಧಿ ಲಾಭಕ್ಕೆ ಶೇ 12.5 ತೆರಿಗೆ ಇದೆ, ಹಾಗಾಗಿ ಪ್ರತಿ ಆರ್ಥಿಕ ವರ್ಷ ಆ ಮಿತಿಯೊಳಗಿನ ಲಾಭದಷ್ಟು ಯೂನಿಟ್‌ಗಳನ್ನು ಬದಲಾಯಿಸುವ ಪಟ್ಟಿ ಮಾಡಿಕೊಂಡೆವು. ಹೊರಡುವಾಗ ಶೀಟ್‌ನ ಪ್ರತಿಯನ್ನು ತಮ್ಮ ಇಮೇಲ್‌ಗೆ ಕಳುಹಿಸಲು ಹೇಳಿದರು. ಹೆಂಡತಿಯ ಹೆಸರಿನಲ್ಲಿ ಇನ್ನೊಂದು ಫಂಡ್ ಇದೆಯಂತೆ, ಅದರ ದಿನಾಂಕಗಳನ್ನು ತಾವೇ ತುಂಬುತ್ತಾರಂತೆ.