ಕುಮಟಾ ಶಾಖೆಯ ಮುಗಿಯದ ಪಟ್ಟಿ

ಶಿರಸಿಯಲ್ಲಿ ಪ್ರಧಾನ ಕಚೇರಿ, ಕುಮಟಾ ಮತ್ತು ಕಾರವಾರಗಳಲ್ಲಿ ಶಾಖೆಗಳು ಇರುವ, ಅಡಿಕೆ ಖರೀದಿಸುವ ಒಂದು ಸಣ್ಣ ಸಂಸ್ಥೆಯ ಕಂಪ್ಯೂಟರ್ ದಾಖಲೆಗಳನ್ನು ನಾನು ನೋಡಿಕೊಳ್ಳುತ್ತಿದ್ದಾಗ, ಒಂದೇ ದಿನ ಎರಡು ದೂರುಗಳು ಬಂದವು. 12 ಜನ ನೌಕರರಿದ್ದರೂ ಸಂಸ್ಥೆಯ ಅಧಿಕಾರ ಶ್ರೇಣಿಯ ಪಟ್ಟಿಯಲ್ಲಿ 8 ಹೆಸರುಗಳಷ್ಟೇ ಬರುತ್ತಿವೆ ಎಂಬುದು ಮೊದಲನೆಯದು. ಕುಮಟಾ ಶಾಖೆಯ ಪಟ್ಟಿಯನ್ನು ಮಾತ್ರ ಕೇಳಿದರೆ ಅದು ಮುಗಿಯುವುದೇ ಇಲ್ಲ ಎಂಬುದು ಎರಡನೆಯದು. ಎರಡಕ್ಕೂ ಕಾರಣ ಒಂದೇ ಸಾಲಿನಲ್ಲಿದ್ದ ಒಂದು ಅಂಕೆ.

ಇಂಥ ಪಟ್ಟಿಗೆ ಮೂಲವಾದ ಕೋಷ್ಟಕದಲ್ಲಿ ಪ್ರತಿ ನೌಕರನಿಗೆ ಒಂದು ಸಂಖ್ಯೆ, ಅದರ ಪಕ್ಕದಲ್ಲಿ ಅವನ ಮೇಲಧಿಕಾರಿಯ ಸಂಖ್ಯೆ ಇರುತ್ತದೆ. ಎಲ್ಲರಿಗಿಂತ ಮೇಲಿರುವ 1ನೇ ಸಂಖ್ಯೆಯವರಿಗೆ ಆ ಜಾಗ ಖಾಲಿ. ಕುಮಟಾದ ವ್ಯವಸ್ಥಾಪಕರು 4. ಅವರ ಕೆಳಗೆ ಲೆಕ್ಕಿಗ 5 ಮತ್ತು ಮಾರಾಟ ನೋಡಿಕೊಳ್ಳುವ 7. ಲೆಕ್ಕಿಗನ ಕೆಳಗೆ ಗೋದಾಮಿನವರಾದ 6. ವ್ಯವಸ್ಥಾಪಕರು ದೀರ್ಘ ರಜೆಯ ಮೇಲೆ ಹೋದಾಗ ಅವರ ಕೆಲಸವನ್ನು ಗೋದಾಮಿನವರಿಗೆ ಒಪ್ಪಿಸಿದ್ದರು. ಅದನ್ನು ದಾಖಲಿಸುವ ಭರದಲ್ಲಿ ಯಾರೋ 4ರ ಮೇಲಧಿಕಾರಿ 1 ಎಂದಿದ್ದುದನ್ನು 6 ಎಂದು ತಿದ್ದಿಬಿಟ್ಟಿದ್ದರು. 4ರ ಮೇಲೆ 6, 6ರ ಮೇಲೆ 5, 5ರ ಮೇಲೆ ಮತ್ತೆ 4, ಹೀಗೆ ಒಂದು ಚಕ್ರವೇ ಆಯಿತು. ಮೇಲಧಿಕಾರಿಯ ಸಂಖ್ಯೆ ಕೋಷ್ಟಕದಲ್ಲಿ ಇದೆಯೇ ಎಂದಷ್ಟೇ ಫಾರಿನ್ ಕೀ ಪರಿಶೀಲಿಸುತ್ತದೆ. 6 ಇದ್ದುದರಿಂದ ಅದು ತಕರಾರು ತೆಗೆಯಲಿಲ್ಲ.

ಕುಮಟಾ ಪಟ್ಟಿಗಾಗಿ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯದಲ್ಲಿ ಓಡುತ್ತಿದ್ದ ಕ್ವೆರಿ ಇದು:

```sql
WITH RECURSIVE t AS (
  SELECT id, manager_id, 1 AS lvl
  FROM emp WHERE id = 4
  UNION ALL
  SELECT e.id, e.manager_id, t.lvl + 1
  FROM emp e JOIN t ON e.manager_id = t.id
)
SELECT * FROM t;
```

ಮೊದಲ ಸುತ್ತಿನಲ್ಲಿ 4 ಸಿಗುತ್ತದೆ. ಮುಂದಿನ ಪ್ರತಿ ಸುತ್ತಿನಲ್ಲಿ, ಹಿಂದಿನ ಸುತ್ತಿನಲ್ಲಿ ಸಿಕ್ಕವರ ಕೈಕೆಳಗಿನವರನ್ನು ಹುಡುಕಲಾಗುತ್ತದೆ. ಯಾರೂ ಸಿಗದ ಸುತ್ತು ಬಂದಾಗ ಮಾತ್ರ ಕೆಲಸ ನಿಲ್ಲುತ್ತದೆ. 4ರಿಂದ 5 ಮತ್ತು 7, 5ರಿಂದ 6, 6ರಿಂದ ಪುನಃ 4. ಮೂರು ಸುತ್ತಿಗೊಮ್ಮೆ ಅದೇ ನಾಲ್ಕು ಜನ ಮರಳಿ ಬರುತ್ತಿದ್ದರೆ ಖಾಲಿ ಸುತ್ತು ಬರುವುದಾದರೂ ಎಂದು? ಸಾಲುಗಳು ಪೇರಿಸಿಕೊಳ್ಳುತ್ತ ತಾತ್ಕಾಲಿಕ ಕಡತಗಳು ಡಿಸ್ಕನ್ನು ತುಂಬತೊಡಗುತ್ತವೆ.

ಇಲ್ಲಿ ಹಲವರು ಮಾಡುವ ಮೊದಲ ಉಪಾಯವನ್ನೇ ನಾನೂ ಮಾಡಿದೆ: `UNION ALL` ಬದಲು `UNION` ಎಂದು ಬರೆದೆ, ಏಕೆಂದರೆ ಅದು ಈಗಾಗಲೇ ಬಂದಿರುವ ಸಾಲನ್ನು ಮತ್ತೆ ಸೇರಿಸುವುದಿಲ್ಲ. ಆದರೂ ಕ್ವೆರಿ ನಿಲ್ಲಲಿಲ್ಲ. `lvl` ಎಂಬ ಮಟ್ಟದ ಎಣಿಕೆ ಪ್ರತಿ ಸುತ್ತಿಗೂ ಒಂದೊಂದು ಏರುವುದರಿಂದ, ಮೊದಲ ಸಲ 1ನೇ ಮಟ್ಟದಲ್ಲಿ ಬಂದ 4 ಮತ್ತು ಎರಡನೇ ಸಲ 4ನೇ ಮಟ್ಟದಲ್ಲಿ ಬಂದ 4 ದತ್ತಸಂಚಯದ ಕಣ್ಣಿಗೆ ಬೇರೆ ಬೇರೆ ಸಾಲುಗಳು. ಆ ಅಂಕಣವನ್ನು ತೆಗೆದರೆ ಕ್ವೆರಿ ನಿಲ್ಲುತ್ತದೆ, ಆದರೆ ಯಾರು ಯಾವ ಮಟ್ಟದವರು ಎಂಬುದು ತಿಳಿಯದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮೊದಲ ದೂರು. 1ರಿಂದ ಹೊರಟ ಕ್ವೆರಿ ಯಾವ ತೊಂದರೆಯೂ ಇಲ್ಲದೆ ಮುಗಿದು, ಕುಮಟಾದ ನಾಲ್ವರನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿತ್ತು. ಪ್ರತಿಯೊಬ್ಬರಿಗೂ ಒಬ್ಬರೇ ಮೇಲಧಿಕಾರಿ ಇರುವ ಕೋಷ್ಟಕದಲ್ಲಿ ಹೀಗಾಗಲೇಬೇಕು. ಮೇಲಿನಿಂದ ಚಕ್ರದೊಳಗೆ ಕಾಲಿಡಬೇಕಾದರೆ ಅದರಲ್ಲಿರುವ ಒಬ್ಬರಿಗಾದರೂ ಹೊರಗಿನವರು ಮೇಲಧಿಕಾರಿಯಾಗಿರಬೇಕು, ಆದರೆ ಆ ಏಕೈಕ ಜಾಗವನ್ನು ಚಕ್ರದೊಳಗಿನವರೇ ಹಿಡಿದಿರುತ್ತಾರೆ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ರಸ್ತೆ ಕುಸಿದಾಗ ಬೇರೆ ಸುತ್ತುದಾರಿಯಾದರೂ ಇದೆ. ಇಲ್ಲಿ ಅದೂ ಇಲ್ಲ. ಮುಗಿಯದ ಕ್ವೆರಿ ಕನಿಷ್ಠ ಗಮನ ಸೆಳೆಯುತ್ತದೆ, ಕಡಿಮೆ ಎಣಿಸುವ ಕ್ವೆರಿಯನ್ನು ಯಾರೂ ಅನುಮಾನಿಸುವುದಿಲ್ಲ.

ಚಕ್ರ ಎಲ್ಲಿದೆಯೆಂದು ಕಾಣಲು ಕೊನೆಯ ಸಾಲಿಗೆ `LIMIT 20` ಸೇರಿಸಿದರೆ ಪೋಸ್ಟ್‌ಗ್ರೆಸ್ ಅಷ್ಟು ಸಾಲುಗಳು ಸಿಕ್ಕೊಡನೆ ನಿಲ್ಲುತ್ತದೆ, ಅದೇ ಸಂಖ್ಯೆಗಳು ಮರುಕಳಿಸುವುದು ಕಣ್ಣಿಗೆ ಬೀಳುತ್ತದೆ. ಬೇರೆ ದತ್ತಸಂಚಯಗಳಲ್ಲಿ ಎಸ್‌ಕ್ಯೂಎಲ್ ಸರ್ವರ್ 100 ಸುತ್ತುಗಳಿಗೆ, ಮೈಎಸ್‌ಕ್ಯೂಎಲ್ 1000 ಸುತ್ತುಗಳಿಗೆ ತಾವಾಗಿಯೇ ತಡೆಯುತ್ತವೆ, ಆದರೆ ಮಿತಿ ಮೀರಿತು ಎನ್ನುವುದರ ಹೊರತು ತಪ್ಪು ಯಾರ ಸಾಲಿನಲ್ಲಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವ ಸಾಧನ 2021ರಲ್ಲಿ ಬಂದ ಪೋಸ್ಟ್‌ಗ್ರೆಸ್ 14ನೇ ಆವೃತ್ತಿಯಲ್ಲಿದೆ. ಆವರಣ ಮುಚ್ಚುವ ಸಾಲನ್ನು ಹೀಗೆ ಬದಲಿಸಬೇಕು:

```sql
) CYCLE id SET is_cycle USING path
```

ಆಗ ಪ್ರತಿ ಸಾಲೂ ತಾನು ನಡೆದುಬಂದ ಹಾದಿಯನ್ನು ಜೊತೆಗಿಟ್ಟುಕೊಳ್ಳುತ್ತದೆ. ಹಾದಿಯಲ್ಲಿ ಆಗಲೇ ಇರುವ ಸಂಖ್ಯೆ ಮತ್ತೆ ಬಂದರೆ ಆ ಸಾಲಿಗೆ ಗುರುತು ಹಾಕಿ ಅಲ್ಲಿಂದ ಮುಂದೆ ಹೋಗುವುದಿಲ್ಲ. ನಮಗೆ ಸಿಕ್ಕ ಹಾದಿ 4, 5, 6, 4. ರಜೆಯ ದಿನಾಂಕಗಳೊಡನೆ ಹೋಲಿಸಿದಾಗ ತಪ್ಪು 4ರ ಸಾಲಿನದೆಂದು ಖಚಿತವಾಯಿತು. ಆ ಹೋಲಿಕೆ ಮನುಷ್ಯರೇ ಮಾಡಬೇಕಾದ್ದು, ಏಕೆಂದರೆ ಚಕ್ರದ ಮೂರು ಕೊಂಡಿಗಳಲ್ಲಿ ಯಾವುದು ಸುಳ್ಳೆಂದು ಹಾದಿಯಿಂದ ತಿಳಿಯದು. ಅಂಕೆಯನ್ನು ಪುನಃ 1 ಮಾಡಿದ ಮೇಲೆ ಮೇಲಿನಿಂದ ಹೊರಟ ಪಟ್ಟಿಯಲ್ಲಿ 12 ಹೆಸರುಗಳೂ ಬಂದವು.

ಬಳಿಕ, ಮೇಲಧಿಕಾರಿಯನ್ನು ಬದಲಿಸುವಾಗಲೆಲ್ಲ ಹೊಸ ಮೇಲಧಿಕಾರಿಯಿಂದ ಮೇಲಕ್ಕೆ ನಡೆದು ಅದೇ ನೌಕರ ಎದುರಾದರೆ ತಿದ್ದುಪಡಿಯನ್ನು ನಿರಾಕರಿಸುವ ಟ್ರಿಗರ್ ಬರೆದೆವು. ಒಂದೇ ಕ್ಷಣದಲ್ಲಿ ಇಬ್ಬರು ಬೇರೆ ಬೇರೆ ಸಾಲುಗಳನ್ನು ತಿದ್ದಿದರೆ, ಒಬ್ಬರ ಬದಲಾವಣೆ ಇನ್ನೊಬ್ಬರಿಗೆ ಕಾಣದೆ ಎರಡೂ ಪರೀಕ್ಷೆ ದಾಟಿ, ಒಟ್ಟಿಗೆ ಹೊಸ ಚಕ್ರವಾಗಬಹುದು. ಹಾಗಾಗಿ ಪರೀಕ್ಷೆ ಶುರುವಾಗುವ ಮೊದಲೇ ಕೋಷ್ಟಕಕ್ಕೆ ಬೀಗ ಹಾಕುವ ಒಂದು ಸಾಲನ್ನೂ ಅದಕ್ಕೆ ಸೇರಿಸಬೇಕಾಯಿತು.