ಪತ್ರೊಡೆ ಹೇಳಿಕೊಟ್ಟದ್ದು ಅವರಿಗೆ ನೆನಪಿಲ್ಲ

ಆಪರೇಷನ್ ಟೇಬಲ್ ಮೇಲೆ ಮಲಗಿದ್ದ ಆ ಅಮ್ಮ ನನಗೆ ಪತ್ರೊಡೆ ಮಾಡುವುದನ್ನು ಪೂರ್ತಿ ಹೇಳಿಕೊಟ್ಟರು. ಅಕ್ಕಿ ಎಷ್ಟು ಹೊತ್ತು ನೆನೆಯಬೇಕು, ಕೆಸುವಿನ ಎಲೆಯ ನಾರು ಹೇಗೆ ತೆಗೆಯಬೇಕು, ಎಲ್ಲ. "ಹುಣಸೆಹುಳಿಗೆ ಜಿಪುಣತನ ಮಾಡ್ಬೇಡಿ ಮೇಡಂ, ಗಂಟಲು ತುರಿಸುತ್ತೆ" ಎಂದು ನಕ್ಕರು. 54 ವರ್ಷ, 58 ಕೆಜಿ ತೂಕ. ಪಿತ್ತಕೋಶದಲ್ಲಿ ಕಲ್ಲು. ಈ ಮಾತಿಗೆ ಐದು ನಿಮಿಷ ಮೊದಲು ಅವರ ಭಯ ಕಡಿಮೆಯಾಗಲಿ ಎಂದು 2 ಮಿಲಿಗ್ರಾಂ ಮಿಡಜೋಲಾಂ ಕೊಟ್ಟಿದ್ದೆ.

ಆಮೇಲೆ ಪ್ರೊಪೊಫಾಲ್. ಹಾಲಿನ ಹಾಗೆ ಬೆಳ್ಳಗಿರುವ ಅರಿವಳಿಕೆ ಔಷಧ. ಸೋಯಾ ಎಣ್ಣೆಯಲ್ಲಿ ಕದಡಿದ್ದು, ಅದಕ್ಕೇ ಆ ಬಣ್ಣ. ಕೆಜಿಗೆ ಸುಮಾರು 2 ಮಿಲಿಗ್ರಾಂ ಲೆಕ್ಕದಲ್ಲಿ 120 ಮಿಲಿಗ್ರಾಂ, ಅಂದರೆ 12 ಎಂಎಲ್. "ಕೈ ಸ್ವಲ್ಪ ಉರಿಯುತ್ತೆ ಅಮ್ಮ" ಎಂದೆ. "ಹ್ಞೂಂ, ಉರೀತಿದೆ" ಎಂದರು. ಅರ್ಧ ನಿಮಿಷದಲ್ಲಿ ಮಾತು ನಿಂತಿತು. ರೆಪ್ಪೆಯ ಕೂದಲು ಸವರಿದರೆ ಕಣ್ಣು ಮಿಟುಕಲಿಲ್ಲ. ಉಸಿರೂ ನಿಂತಿತ್ತು. ಮಾಸ್ಕ್ ಇಟ್ಟು ಉಸಿರು ಕೊಡಲು ಶುರು ಮಾಡಿದೆ.

ಆ ಅರ್ಧ ನಿಮಿಷದಲ್ಲಿ ಮಿದುಳಿನಲ್ಲಿ ಏನಾಯಿತು? ಪ್ರೊಪೊಫಾಲ್ ಹೊಸದೇನನ್ನೂ ಮಾಡುವುದಿಲ್ಲ. ಮಿದುಳು ತನ್ನನ್ನು ತಾನೇ ತಡೆದುಕೊಳ್ಳಲು ಇಟ್ಟುಕೊಂಡಿರುವ ಬ್ರೇಕನ್ನೇ ಬಲವಾಗಿ ಒತ್ತುತ್ತದೆ. ಆ ಬ್ರೇಕು ಗಾಬಾ ಎಂಬ ರಾಸಾಯನಿಕ. ನರಕೋಶಗಳ ಗೋಡೆಯಲ್ಲಿ ಗಾಬಾಕ್ಕಾಗಿಯೇ ಪ್ರೋಟೀನಿನ ಸಣ್ಣ ಬಾಗಿಲುಗಳಿವೆ. ಐದು ತುಂಡು ಸುತ್ತ ನಿಂತು ನಡುವೆ ಒಂದು ತೂತು ಮಾಡಿಕೊಂಡ ಹಾಗೆ. ಗಾಬಾ ಬಂದು ಕೂತರೆ ಬಾಗಿಲು ತೆರೆಯುತ್ತದೆ, ಕ್ಲೋರೈಡ್ ಕಣಗಳು ಒಳಗೆ ನುಗ್ಗುತ್ತವೆ. ಅವುಗಳದು ಋಣ ವಿದ್ಯುತ್ತು. ನರಕೋಶದ ಒಳಗೆ ಮೊದಲೇ ಸುಮಾರು 70 ಮಿಲಿವೋಲ್ಟ್ ಋಣ ಇರುತ್ತದೆ, ಅದು ಇನ್ನೂ ಹೆಚ್ಚುತ್ತದೆ. ಪಕ್ಕದ ಕೋಶ ಎಷ್ಟು ಕೂಗಿದರೂ ಈ ಕೋಶ ಸುಲಭಕ್ಕೆ ಓಗೊಡುವುದಿಲ್ಲ.

ಇದು ತಾನಾಗಿ ಮುಚ್ಚುವ ಸ್ಪ್ರಿಂಗ್ ಬಾಗಿಲು ಅಂದುಕೊಳ್ಳಿ. ಮಿಡಜೋಲಾಂ ಅದನ್ನು ಪದೇ ಪದೇ ತೆರೆಸುತ್ತದೆ. ಆದರೆ ಗಾಬಾ ಬಂದರೆ ಮಾತ್ರ. ಪ್ರೊಪೊಫಾಲ್ ಬಾಗಿಲಿಗೆ ಕಾಲು ಕೊಟ್ಟು ನಿಲ್ಲುತ್ತದೆ, ಬೇಗ ಮುಚ್ಚಲು ಬಿಡುವುದಿಲ್ಲ. ಪ್ರಮಾಣ ಜಾಸ್ತಿಯಾದರೆ ಗಾಬಾ ಇಲ್ಲದೆಯೂ ತೆರೆಸುತ್ತದೆ. ಇದು ಬರೀ ಊಹೆಯಲ್ಲ. ಬಾಗಿಲಿನ ಒಂದು ತುಂಡಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿದ ಇಲಿಗಳನ್ನು 2003ರಲ್ಲಿ ಪರೀಕ್ಷಿಸಿದರು. ಪ್ರೊಪೊಫಾಲ್ ಕೊಟ್ಟರೂ ಅವು ಕಾಲು ಚಿವುಟಿದರೆ ಎಳೆದುಕೊಳ್ಳುತ್ತಿದ್ದವು.

ಹಾಗಂತ ಮಿದುಳು ಪೂರ್ತಿ ಆಫ್ ಆಗುವುದಿಲ್ಲ. ಮಿದುಳಿನ ವಿದ್ಯುತ್ತನ್ನು ಅಳೆಯಲು ಹಣೆಗೆ ಅಂಟಿಸಿದ ಪಟ್ಟಿಯಲ್ಲಿ ನಿಧಾನದ ದೊಡ್ಡ ಅಲೆಗಳೂ, ಸೆಕೆಂಡಿಗೆ ಸುಮಾರು ಹತ್ತರ ಲೆಕ್ಕದ ಸಣ್ಣ ಅಲೆಗಳೂ ಕಾಣುತ್ತಿರುತ್ತವೆ. ಥಿಯೇಟರಿನ ಸದ್ದು ಕಿವಿಯಿಂದ ಮಿದುಳಿನ ಮೊದಲ ನಿಲ್ದಾಣದವರೆಗೆ ಬರಲೂಬಹುದು. ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. ಒಂದು ಭಾಗಕ್ಕೆ ತಿಳಿದದ್ದು ಇನ್ನೊಂದು ಭಾಗಕ್ಕೆ ದಾಟದಿದ್ದರೆ "ನನಗೆ ಗೊತ್ತಾಯಿತು" ಎನ್ನಲು ಯಾರೂ ಇರುವುದಿಲ್ಲ. ಪ್ರಜ್ಞೆ ಆರುವುದು ಎಂದರೆ ಹೆಚ್ಚುಕಮ್ಮಿ ಇದೇ.

ನೆನಪು ಮಾತ್ರ ಇದಕ್ಕಿಂತ ಮೊದಲೇ ಹೋಗುತ್ತದೆ. ಹೊಸ ನೆನಪು ಕಟ್ಟುವ ಜಾಗ ಹಿಪ್ಪೊಕ್ಯಾಂಪಸ್. ಎರಡು ಕೋಶಗಳ ನಡುವಿನ ಕೊಂಡಿ ಗಟ್ಟಿಯಾದರೆ ನೆನಪು ನಿಲ್ಲುತ್ತದೆ, ಇಲ್ಲದಿದ್ದರೆ ಜಾರಿಹೋಗುತ್ತದೆ. ಅಲ್ಲಿರುವ ಒಂದು ಬಗೆಯ ಗಾಬಾ ಬಾಗಿಲುಗಳು ಇಂಥ ಔಷಧಗಳಿಗೆ ತುಂಬಾ ಸೂಕ್ಷ್ಮ. ಸ್ವಲ್ಪವೇ ಔಷಧ ಸಾಕು, ಕೊಂಡಿ ಗಟ್ಟಿಯಾಗುವುದು ನಿಲ್ಲುತ್ತದೆ. ಆಗ ಮನುಷ್ಯ ಎಚ್ಚರವಾಗಿಯೇ ಇರಬಹುದು, ಮಾತಾಡಬಹುದು, ಪತ್ರೊಡೆ ಹೇಳಿಕೊಡಬಹುದು.

ಪ್ರಮಾಣ ಏರಿಸುತ್ತಾ ಹೋದರೆ ಮೊದಲು ನೆನಪು, ಆಮೇಲೆ ಪ್ರಜ್ಞೆ, ಕೊನೆಗೆ ಅಲುಗಾಟ ಹೋಗುತ್ತದೆ. ಅಲುಗಾಟ ನಿಲ್ಲುವುದು ಹೆಚ್ಚಾಗಿ ಬೆನ್ನುಹುರಿಯ ಮಟ್ಟದಲ್ಲಿ. ಚರ್ಮ ಕೊಯ್ದಾಗ ನೂರರಲ್ಲಿ ಐವತ್ತು ಜನ ಅಲುಗಾಡದೆ ಇರುವಷ್ಟು ಅನಿಲವನ್ನು ನಾವು ಒಂದು ಮ್ಯಾಕ್ ಎನ್ನುತ್ತೇವೆ. ಕರೆದರೆ ಓಗೊಡುವುದು ಅದರ ಸುಮಾರು ಮೂರನೇ ಒಂದು ಭಾಗದಲ್ಲೇ ನಿಂತಿರುತ್ತದೆ. ಆದರೆ ಆ ಲೆಕ್ಕ ಸುಮ್ನೆ ಮಲಗಿದವರದು. ಹೊಟ್ಟೆಯೊಳಗೆ ಕತ್ತರಿ ಆಡುತ್ತಿರುವಾಗ ಅದನ್ನು ನಂಬಿ ಕೂರಲು ಆಗುವುದಿಲ್ಲ.

ಅದು ನನಗೆ ಅವತ್ತೇ ನೆನಪಾಯಿತು. ಆಪರೇಷನ್ ಶುರುವಾಗಿ ನಲವತ್ತು ನಿಮಿಷ. ಸೆವೊಫ್ಲುರೇನ್ ಅನಿಲ ಕೊಡುತ್ತಿದ್ದೆ, ಹೊರಬರುವ ಉಸಿರಿನಲ್ಲಿ 1.9 ಪರ್ಸೆಂಟ್ ಇತ್ತು. ನಾಡಿ 74ರಿಂದ 102ಕ್ಕೆ ಹೋಯಿತು, ಬಿಪಿ ಏರಿತು. ಮಾನಿಟರ್ ನೋಡಿದರೆ ಅನಿಲ 1.1ಕ್ಕೆ ಇಳಿದಿದೆ, ಅಲಾರಂ ಹೊಡೆಯುತ್ತಿದೆ. ಡಯಲ್ ಇದ್ದ ಜಾಗದಲ್ಲೇ ಇತ್ತು. ದ್ರವ ಔಷಧವನ್ನು ಅನಿಲ ಮಾಡುವ ವೇಪರೈಸರಿನ ಗಾಜಿನ ಕಿಂಡಿಯಲ್ಲಿ ಮಾತ್ರ ಒಂದು ಹನಿ ಇರಲಿಲ್ಲ. ಕಿಂಡಿ ನೋಡುವುದು ನನ್ನ ಕೆಲಸ, ನೋಡಿರಲಿಲ್ಲ. ಸ್ನಾಯು ಸಡಿಲಿಸುವ ಔಷಧ ಕೊಟ್ಟಿದ್ದರಿಂದ ಅವರು ಎಚ್ಚರಾಗಿದ್ದರೂ ಬೆರಳು ಆಡಿಸಲು ಆಗುತ್ತಿರಲಿಲ್ಲ. ತಕ್ಷಣ 40 ಮಿಲಿಗ್ರಾಂ ಪ್ರೊಪೊಫಾಲ್ ಕೊಟ್ಟೆ, ವೇಪರೈಸರ್ ತುಂಬಿಸಿದೆ.

"ಮೇಡಂ, ಇನ್ನೆರಡು ಮಿಲಿಗ್ರಾಂ ಮಿಡಜೋಲಾಂ ಕೊಡೋಣ, ಏನಾದ್ರೂ ಗೊತ್ತಾಗಿದ್ರೂ ಮರೆತುಹೋಗುತ್ತೆ" ಎಂದ ನಮ್ಮ ಪಿಜಿ ಹುಡುಗ. ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ, ಡಾಕ್ಟರುಗಳು ಕೂಡ. ಈ ಔಷಧಗಳು ಬರೆದದ್ದನ್ನು ಅಳಿಸುವುದಿಲ್ಲ. ಮುಂದೆ ಬರೆಯಲು ಬಿಡುವುದಿಲ್ಲ, ಅಷ್ಟೇ. ಐದು ನಿಮಿಷದ ಹಿಂದೆ ಅವರಿಗೆ ಕತ್ತರಿಯ ನೋವು ತಿಳಿದು ಅದು ನೆನಪಿನಲ್ಲಿ ಕೂತಿದ್ದರೆ, ಈಗ ಕೊಟ್ಟ ಔಷಧ ಅದನ್ನು ತೆಗೆಯುವುದನ್ನು ನೆಚ್ಚಿಕೊಳ್ಳಲು ಆಗದು.

ಇನ್ನೊಂದು ಕಸಿವಿಸಿಯ ವಿಷಯವೂ ಇದೆ. ಸ್ನಾಯು ಸಡಿಲಿಸುವ ಮೊದಲು ಒಂದು ತೋಳಿಗೆ ಬಿಪಿ ಪಟ್ಟಿ ಬಿಗಿದರೆ ಆ ಔಷಧ ಕೈಗೆ ಇಳಿಯುವುದಿಲ್ಲ, ಕೈ ಆಡುತ್ತದೆ. 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ವಿವರಿಸಿದ ಉಪಾಯ ಇದು. ಹೀಗೆ ಮಾಡಿ "ನನ್ನ ಕೈ ಹಿಸುಕಿ" ಎಂದರೆ ಕೆಲವರು ಹಿಸುಕುತ್ತಾರೆ! ಎದ್ದ ಮೇಲೆ ಕೇಳಿದರೆ ಏನೂ ನೆನಪಿರುವುದಿಲ್ಲ. ಹಾಗಾಗಿ "ನೆನಪಿಲ್ಲ" ಎಂದ ಮಾತ್ರಕ್ಕೆ "ಆಗ ಗೊತ್ತಾಗಿರಲಿಲ್ಲ" ಎಂದು ನಾನು ಎದೆ ತಟ್ಟಿ ಹೇಳಲಾರೆ. ಅದಕ್ಕೇ ಉಸಿರಿನಲ್ಲಿನ ಅನಿಲದ ಅಳತೆಯನ್ನು 0.7 ಮ್ಯಾಕ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇವೆ. ರಕ್ತನಾಳಕ್ಕೆ ಮಾತ್ರ ಔಷಧ ಕೊಡುವಾಗ ಉಸಿರಿನಲ್ಲಿ ಅಳೆಯಲು ಏನೂ ಇರುವುದಿಲ್ಲ, ಆಗ ಹಣೆಯ ಪಟ್ಟಿಯೇ ಗತಿ.

ಸಂಜೆ ವಾರ್ಡಿಗೆ ಹೋಗಿ ಆ ಅಮ್ಮನ ಪಕ್ಕ ಕೂತೆ. ಇಂಥ ಹೊತ್ತಿಗೆಂದೇ 1970ರಲ್ಲಿ ಬ್ರೈಸ್ ಎಂಬ ವೈದ್ಯರೂ ಜೊತೆಗಾರರೂ ರೂಪಿಸಿದ ಪ್ರಶ್ನೆಗಳಿವೆ. ನಿದ್ದೆಗೆ ಮುಂಚೆ ಕೊನೆಗೆ ನೆನಪಿರುವುದೇನು? ಎದ್ದಾಗ ಮೊದಲು ನೆನಪಿರುವುದೇನು? ನಡುವೆ ಏನಾದರೂ ನೆನಪಿದೆಯಾ? ಕನಸು ಬಿತ್ತಾ? "ನೋವಾಯ್ತಾ" ಎಂದು ನೇರವಾಗಿ ಕೇಳುವುದಿಲ್ಲ, ಉತ್ತರ ನಾವೇ ಬಾಯಿಗೆ ಇಟ್ಟ ಹಾಗಾಗುತ್ತದೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳುತ್ತೇವೆ, ಕೆಲವರಿಗೆ ತಡವಾಗಿ ನೆನಪು ಬರುತ್ತದೆ.

ನಡುವೆ ಏನೂ ಇಲ್ಲ ಎಂದರು. ಕನಸೂ ಇಲ್ಲ. ಕೊನೆಗೆ ನೆನಪಿದ್ದದ್ದು ಲಿಫ್ಟಿನ ಬಾಗಿಲು. ಥಿಯೇಟರಿನ ದೊಡ್ಡ ದೀಪ, ಕೈ ಉರಿದದ್ದು, ಯಾವುದೂ ಇಲ್ಲ. ಎರಡು ದಿನ ಬಿಟ್ಟು ಕೇಳಿದಾಗಲೂ ಅದೇ ಉತ್ತರ. ವೇಪರೈಸರ್ ಖಾಲಿಯಾದದ್ದನ್ನು ಆಗ ಅವರಿಗೂ ಮಗನಿಗೂ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಏನೂ ಗೊತ್ತಾಗ್ಲಿಲ್ಲ ಬಿಡಿ" ಎಂದರು.

ಹೊರಡುವಾಗ ಪತ್ರೊಡೆಗೆ ಅಕ್ಕಿ ಎಷ್ಟು ಹೊತ್ತು ನೆನೆಸಬೇಕು ಅಂದಿರಿ ಎಂದು ಕೇಳಿದೆ. ಅವರು ಮಗನ ಮುಖ ನೋಡಿದರು. "ನಂಗೆ ಪತ್ರೊಡೆ ಬರುತ್ತೆ ಅಂತ ನಿಮಗೆ ಯಾರು ಹೇಳಿದ್ರು ಮೇಡಂ?"